ಗೆಳತಿಗೇ ಲೀಡ್ ಆದವರ ರಾತ್ರಿ ಕೆಲಸ

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಮಾಡುತ್ತಿದ್ದೆ. ಮೂರು ತಿಂಗಳ ಹಿಂದೆ ಅದೇ ಟೀಮಿಗೆ ನನ್ನನ್ನು ಲೀಡ್ ಮಾಡಿದರು. ನನ್ನ ಆಪ್ತ ಗೆಳತಿಯೂ ಅರ್ಜಿ ಹಾಕಿದ್ದಳು. ಕೆಲಸದಲ್ಲಿ ನನಗಿಂತ ಚುರುಕು. ಅವಳು ರಜೆ ಕೇಳಿದರೆ ಇಲ್ಲ ಅನ್ನಲಾಗದೆ, ಅವಳ ಪಾಲಿನ ಕೆಲಸವನ್ನೂ ರಾತ್ರಿ ಕೂತು ನಾನೇ ಮುಗಿಸುತ್ತೇನೆ. ಯೋಗ್ಯತೆ ಇಲ್ಲದೆ ಈ ಜಾಗಕ್ಕೆ ಬಂದಿದ್ದೇನೆ, ಒಂದು ದಿನ ಸಿಕ್ಕಿಬೀಳುತ್ತೇನೆ ಎಂಬ ಭಯ. ಇದು ಇಂಪೋಸ್ಟರ್ ಸಿಂಡ್ರೋಮಾ?

ಉತ್ತರ: ಬಡ್ತಿಯ ಕಾಲ ಬಂದರೆ ಸಾಕು, ಇದೇ ಪತ್ರ ಹೆಸರು ಬದಲಿಸಿಕೊಂಡು ಬರುತ್ತದೆ. ಮೊದಲು ಆ ‘ಸಿಂಡ್ರೋಮ್’ ಬಿಡಿ. 1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಪಾಲೀನ್ ಕ್ಲ್ಯಾನ್ಸ್ ಮತ್ತು ಸೂಜನ್ ಐಮ್ಸ್ ಇದನ್ನು ವಿವರಿಸಿದಾಗ ಕಾಯಿಲೆ ಅನ್ನಲಿಲ್ಲ, ಒಂದು ಅನುಭವ ಎಂದಷ್ಟೇ ಹೇಳಿದರು. ಮನೋವೈದ್ಯರ ರೋಗಪಟ್ಟಿಯಲ್ಲಿ ಇದು ಇವತ್ತಿಗೂ ಇಲ್ಲ. ಫೋನಿನಲ್ಲಿ ಹತ್ತು ಪ್ರಶ್ನೆ ಕೇಳಿ ‘ನಿಮಗೆ ಶೇಕಡಾ 80 ಇದೆ’ ಅನ್ನುವ ಕ್ವಿಜ್‌ಗಳನ್ನು ನಂಬಬೇಡಿ.

ಕ್ಲ್ಯಾನ್ಸ್ ಹೇಳಿದ ಒಂದು ಮಾತು ಮಾತ್ರ ನಿಮಗೆ ನೇರ ತಾಗುತ್ತದೆ. ಹೆದರಿದವರು ಅತಿಯಾಗಿ ದುಡಿಯುತ್ತಾರೆ, ಕೆಲಸ ಗೆಲ್ಲುತ್ತದೆ, ಆದರೆ ಗೆದ್ದದ್ದು ದುಡಿಮೆಯಿಂದ, ಯೋಗ್ಯತೆಯಿಂದಲ್ಲ ಅಂದುಕೊಳ್ಳುತ್ತಾರೆ. ಹಾಗಾಗಿ ಮುಂದಿನ ಸಲವೂ ಅದೇ ಭಯ. ನಿಮ್ಮಲ್ಲಿ ಈ ಸುತ್ತು ಶುರುವಾಗುವುದು ಗೆಳತಿಯ ರಜೆ ಅರ್ಜಿಯಿಂದ. ರಿಲೀಸ್ ಯಾವಾಗ ಅಂತಲೂ ನೋಡದೆ ಒಪ್ಪಿಗೆ ಒತ್ತುತ್ತೀರಿ. ಅವಳಿಗೆ ಸಿಗದ ಹುದ್ದೆಗೆ ಕಟ್ಟುವ ದಂಡ ಅದು. ರಾತ್ರಿ ಅವಳ ಟೆಸ್ಟ್ ಕೇಸ್‌ಗಳನ್ನು ನೀವು ಓಡಿಸುತ್ತೀರಿ. ಬೆಳಿಗ್ಗೆ ರಿಲೀಸ್ ಸರಿಯಾಗಿ ಹೋದರೆ, ಟೀಮ್ ನಡೆಸಿದ್ದಕ್ಕೆ ನಿಮ್ಮ ಲೆಕ್ಕದಲ್ಲಿ ಒಂದಂಕವೂ ಜಮೆಯಾಗುವುದಿಲ್ಲ. ಹೇಗಾದೀತು? ನೀವು ಟೀಮ್ ನಡೆಸಲೇ ಇಲ್ಲವಲ್ಲ, ಹಳೇ ಕೆಲಸವನ್ನೇ ಎರಡು ಪಾಲು ಮಾಡಿದಿರಿ.

ಗೆಳತಿ ನಿಮಗಿಂತ ಬೇಗ ಬಗ್ ಹಿಡಿಯಬಹುದು. ಹಿಡಿಯಲಿ. ಈಗ ನಿಮ್ಮ ಕೆಲಸ ಯಾರು ಏನು ಟೆಸ್ಟ್ ಮಾಡಬೇಕು, ಯಾವುದನ್ನು ಈ ಸಲ ಬಿಡಬಹುದು, ಡೆವಲಪರ್‌ಗಳ ಹತ್ತಿರ ಯಾವಾಗ ಜಗಳಕ್ಕೆ ನಿಲ್ಲಬೇಕು ಎಂದು ತೀರ್ಮಾನಿಸುವುದು.

ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿ. ಕ್ಯಾಂಟೀನಿನಲ್ಲಲ್ಲ, ಮೀಟಿಂಗ್ ರೂಮಿನಲ್ಲಿ, ಹದಿನೈದು ನಿಮಿಷ ಸಾಕು. ‘ನೀನೂ ಅರ್ಜಿ ಹಾಕಿದ್ದೆ, ಬೇಜಾರಾಗಿರುತ್ತೆ, ನನಗೆ ಗೊತ್ತು. ಇನ್ನು ಮೇಲೆ ರಜೆ, ಕೆಲಸ ಹಂಚೋದು ಎಲ್ಲರಿಗೂ ಒಂದೇ ಥರ. ಪೇಮೆಂಟ್ ಮಾಡ್ಯೂಲ್ ಪೂರ್ತಿ ನೀನೇ ನೋಡಿಕೊಳ್ಳಬೇಕು ಅಂತ ನನ್ನ ಆಸೆ’ ಅನ್ನಿ. ಮಾಡ್ಯೂಲ್ ಬೇರೆ ಇದ್ದರೆ ಅದರ ಹೆಸರು. ‘ನನಗೂ ಇದು ಬೇಕಿರಲಿಲ್ಲ ಕಣೇ’ ಅಂತ ಮಾತ್ರ ಹೇಳಬೇಡಿ. ಅವಳಿಗೆ ಬೇಕಿತ್ತು, ಆ ಮಾತು ಗಾಯಕ್ಕೆ ಉಪ್ಪು. ಅವಳು ಕೆಲವು ವಾರ ಮುಖ ಗಂಟಿಕ್ಕಿಕೊಂಡರೆ ಇರಲಿ. ಮುನಿಸು ಅವಳ ಹಕ್ಕು, ಡೆಡ್‌ಲೈನ್ ತಪ್ಪಿಸುವುದಲ್ಲ.

ಮುಂದಿನ ಒಂದು ರಿಲೀಸ್‌ನಲ್ಲಿ ಯಾರ ಟೆಸ್ಟ್ ಕೇಸನ್ನೂ ರಾತ್ರಿ ಮುಟ್ಟಬೇಡಿ. ಹಿಂದುಳಿದ ಕೆಲಸ ಕಂಡರೆ ಮಧ್ಯಾಹ್ನವೇ ಅವರನ್ನು ಕೇಳಿ. ಆಗದಿದ್ದರೆ ಮ್ಯಾನೇಜರ್‌ಗೆ ಆಗಲೇ ತಿಳಿಸಿ. ಒಂದು ಸಣ್ಣ ಬಗ್ ತಪ್ಪಿಸಿಕೊಳ್ಳಬಹುದು. ಹಣ ಅಥವಾ ಜನರ ಸುರಕ್ಷತೆಗೆ ಸಂಬಂಧಿಸಿದ ಭಾಗವಾದರೆ ಈ ಪ್ರಯೋಗ ಅಲ್ಲಿ ಬೇಡ.

ಭಯದಲ್ಲಿ ಒಂದು ಪಾಲು ನಿಜವೂ ಇರಬಹುದು. ನಿಮ್ಮನ್ನೇ ಯಾಕೆ ಆರಿಸಿದರು, ಮೂರು ತಿಂಗಳಲ್ಲಿ ಏನು ಬದಲಾಗಬೇಕು ಎಂದು ಮ್ಯಾನೇಜರ್‌ಗೆ ನೇರವಾಗಿ ಕೇಳಿ. ‘ನಿಮ್ಮ ಅಂದಾಜು ಪ್ರತಿ ಸಲ ಕಡಿಮೆ ಬೀಳುತ್ತಿದೆ’ ಎಂಬಂಥ ಉತ್ತರ ಬಂದರೆ ಅದು ಕಲಿಯಬೇಕಾದ ಕೆಲಸ, ಕಲಿತರಾಯಿತು. ಬೆರಳಿಟ್ಟು ತೋರಿಸುವಂಥದ್ದು ಏನೂ ಸಿಗದೆ, ‘ಸಿಕ್ಕಿಬೀಳುತ್ತೇನೆ’ ಎಂಬುದಷ್ಟೇ ಉಳಿದರೆ ಅದು ಬರೀ ಭಯ. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ನನಗೆ ಪತ್ರ ಬರೆಯುತ್ತ ಕೂರದೆ ವೈದ್ಯರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಲೀಡ್ ಆದ ಮೇಲೆ ಹಳೇ ವಾಟ್ಸ್ಆ್ಯಪ್ ಗುಂಪು ಬಿಡಬೇಕಾ?

ಉತ್ತರ: ಮ್ಯಾನೇಜರ್‌ಗಳನ್ನು ಬೈಯುವ ಗುಂಪಾದರೆ ಹೇಳಿ ಹೊರಡಿ, ಇನ್ನು ಬೈಗುಳ ನಿಮಗೇ, ಊಟಕ್ಕೆ ಮಾತ್ರ ಜೊತೆಗೇ ಹೋಗಿ.

ಪ್ರಶ್ನೆ: ಎರಡು ದಿನದ ಶಿಬಿರದಲ್ಲಿ ಸುಪ್ತ ಮನಸ್ಸು ತಿದ್ದಿ ಕೀಳರಿಮೆ ಕಿತ್ತುಹಾಕುತ್ತಾರಂತೆ, ಸೇರಲೇ?

ಉತ್ತರ: ಕಿತ್ತುಹಾಕುವುದು ನಿಮ್ಮ ದುಡ್ಡನ್ನು.