ತಿದ್ದಿದ ಮೇಲೂ ಉಳಿಯುವ ತಪ್ಪು ಅಳತೆ

ಪ್ರಶ್ನೆ: ಚಾಟ್‌ಬಾಟ್‌ಗೆ ಮೊದಲು ಕೊಟ್ಟ ತಪ್ಪು ಅಳತೆಯನ್ನು ಆಮೇಲೆ ತಿದ್ದಿದರೂ ಉತ್ತರಗಳು ಅದರ ಸುತ್ತಲೇ ತಿರುಗುವುದೇಕೆ? ಹೊಸ ಚಾಟ್ ಯಾವಾಗ ತೆರೆಯಬೇಕು?

ಉತ್ತರ: ಚಾಟ್‌ಬಾಟ್‌ನ ಹಿಂದಿರುವ ಭಾಷಾ ಮಾದರಿಯು ಪ್ರತಿ ಸಲವೂ ತನ್ನ ಹಿಂದಿನ ಉತ್ತರಗಳನ್ನೂ ಸೇರಿಸಿ ಆ ಚಾಟಿನ ಪಠ್ಯವನ್ನು ಮುಂದಿಟ್ಟುಕೊಂಡೇ ಮುಂದಿನ ಪದಗಳನ್ನು ರಚಿಸುತ್ತದೆ, ನಿಮ್ಮ ತಿದ್ದುಪಡಿಯು ಹಳೆಯ ಸಾಲನ್ನು ಅಳಿಸುವುದಿಲ್ಲ, ಅದರ ಕೆಳಗೆ ಇನ್ನೊಂದು ಸಾಲಾಗಿ ಸೇರುತ್ತದೆ, ಅಷ್ಟೆ.

ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹದ ಲೆಕ್ಕ ಹಾಕುವಾಗ ನಾನೇ 30×40 ಅಡಿಯ ತಾರಸಿಯನ್ನು 40×60 ಎಂದು ಬರೆದುಬಿಟ್ಟಿದ್ದೆ. ವರ್ಷಕ್ಕೆ 970 ಮಿ.ಮೀ. ಮಳೆ ಎಂದು ಹಿಡಿದರೆ, ನಷ್ಟ ಕಳೆಯುವ ಮೊದಲು, ಸುಮಾರು 1.08 ಲಕ್ಷ ಲೀಟರ್ ಬರಬೇಕಿದ್ದಲ್ಲಿ 2.16 ಲಕ್ಷ ಬಂತು. ಅಳತೆ ತಿದ್ದಿದಾಗ ತಾರಸಿಯ ವಿಸ್ತೀರ್ಣವೇನೋ ಸರಿಯಾಯಿತು, ಆದರೆ ಚಾಟ್‌ಬಾಟ್ ಅದಾಗಲೇ ಹೇಳಿದ್ದ ತೊಟ್ಟಿಯ ಗಾತ್ರ, ಪೈಪಿನ ಅಳತೆ, ಖರ್ಚು ಯಾವುದೂ ಕದಲಲಿಲ್ಲ. ತಪ್ಪು ಅಳತೆ ಒಂದೇ ಕಡೆ ಇತ್ತು, ಅದರಿಂದ ಹುಟ್ಟಿದ ಅಂಕಿಗಳು ಹತ್ತು ಕಡೆ ಇದ್ದವು.

ತಪ್ಪು ಈಗಷ್ಟೇ ಆಗಿದ್ದರೆ ಆ ಸಂದೇಶವನ್ನೇ ಎಡಿಟ್ ಮಾಡಿ ಮತ್ತೆ ಕಳುಹಿಸಿದರೆ ಸಾಕು. ಅದರ ಮೇಲೆ ಬೇರೆ ಲೆಕ್ಕಗಳು ನಿಂತಿದ್ದರೆ, ಅಥವಾ ಒಮ್ಮೆ ತಿದ್ದಿದ ಮೇಲೂ ಹಳೆಯ ಅಂಕಿ ಮರಳಿದರೆ, ಹೊಸ ಚಾಟ್ ತೆರೆದು ಸರಿಯಾದ ಮೂಲ ಅಳತೆಗಳನ್ನಷ್ಟೇ ಕೊಡಿ. ಹಳೆಯ ಚಾಟಿನ ಸಾರಾಂಶವನ್ನು ಅಂಟಿಸಬೇಡಿ, ಏಕೆಂದರೆ ಆ ತೊಟ್ಟಿಯ ಗಾತ್ರವೂ ಅದರೊಂದಿಗೇ ಬರುತ್ತದೆ.