ಹೆಡ್ಜ್ ಎಲ್ಲ ಲಾಭ, ಒಟ್ಟು ಮಾತ್ರ ನಷ್ಟ

"ನಿಫ್ಟಿ 25,000ದಲ್ಲಿದ್ದಾಗ 10 ಲಾಟ್ ಸ್ಟ್ರಾಡಲ್ ಕೊಂಡೆ. ಎಕ್ಸ್‌ಪೈರಿಗೆ 30 ದಿನ, ಐವಿ 12. ಪ್ರತಿ 100 ಪಾಯಿಂಟ್‌ಗೆ ಒಂದು ಲಾಟ್ ಫ್ಯೂಚರ್ಸ್ ಮಾರೋದು, ಕೊಳ್ಳೋದು. ಎಂಟು ದಿನದಲ್ಲಿ 7 ಜೋಡಿ, ಎಲ್ಲ ಲಾಭ. ಆದರೂ ಒಟ್ಟು ನಷ್ಟ. ಎಲ್ಲಿ ತಪ್ಪಾಯ್ತು?"

ಹೆಡ್ಜ್ ಮಾಡಿದ್ದರಲ್ಲಿ ತಪ್ಪಿಲ್ಲ ಸರ್. ಜೋಡಿಗಳು ಸಾಲಲಿಲ್ಲ, ಅಷ್ಟೇ.

ನೀವು ಕೊಟ್ಟ ಅಂಕಿಯಲ್ಲೇ ನೋಡೋಣ. ಆ ಸ್ಟ್ರಾಡಲ್‌ಗೆ ಸುಮಾರು 685 ಪಾಯಿಂಟ್ ಕೊಟ್ಟಿರುತ್ತೀರಿ. ಶನಿವಾರ, ಭಾನುವಾರದ್ದನ್ನೂ ಸೇರಿಸಿದರೆ ವಹಿವಾಟಿನ ಒಂದು ದಿನಕ್ಕೆ ಥೀಟಾ 16 ಪಾಯಿಂಟ್ ತಿನ್ನುತ್ತದೆ. 10 ಲಾಟ್‌ಗೆ 160. ಈಗ ಇನ್ನೊಂದು ಕಡೆ. ನಿಫ್ಟಿ 100 ಪಾಯಿಂಟ್ ಸರಿದರೆ ಒಂದು ಸ್ಟ್ರಾಡಲ್‌ನ ಡೆಲ್ಟಾ 0.09 ಬದಲಾಗುತ್ತದೆ. 10 ಲಾಟ್‌ಗೆ 0.9, ಅಂದರೆ ಹೆಚ್ಚುಕಡಿಮೆ ಒಂದು ಫ್ಯೂಚರ್ಸ್ ಲಾಟ್. ಹಾಗಾಗಿ ನಿಮ್ಮ 100ರ ಅಂತರ ಸರಿಯಾಗೇ ಇದೆ. ಮೇಲೆ 25,100ಕ್ಕೆ ಮಾರಿ, ವಾಪಸ್ 25,000ಕ್ಕೆ ಕೊಂಡರೆ ಒಂದು ಜೋಡಿ, ಸುಮಾರು 100 ಪಾಯಿಂಟ್ ಕೈಗೆ.

ಎಂಟು ದಿನಕ್ಕೆ ಥೀಟಾ 1,300ಕ್ಕೂ ಮೇಲೆ. ನಿಮ್ಮ 7 ಜೋಡಿ ತಂದದ್ದು 700, ನಷ್ಟ 600ರಷ್ಟು. ಸಮಕ್ಕೆ ಬರಲು 13-14 ಜೋಡಿ ಬೇಕಿತ್ತು. ದಿನಕ್ಕೆ ಲೆಕ್ಕ ಹಾಕಿದರೆ ಮೂರೂವರೆ ಸಲ 100 ಪಾಯಿಂಟ್ ಸರಿಯಬೇಕು. ನಿಮಗೆ ಸಿಕ್ಕಿದ್ದು ಅದರ ಅರ್ಧ. ಚಲನೆ ಅರ್ಧ ಅಂದರೆ ವೊಲಟಿಲಿಟಿ ಅರ್ಧ ಅಲ್ಲ. 12ನ್ನು 2ರ ವರ್ಗಮೂಲದಿಂದ ಭಾಗಿಸಿ, 8.5 ಬರುತ್ತದೆ. 12ರ ಬೆಲೆ ಕೊಟ್ಟು 8.5ರ ಮಾರ್ಕೆಟ್ ಕೊಂಡಿದ್ದೀರಿ.

ಮೇಲೆ ಶಿವಮೊಗ್ಗದ ಅಣ್ಣ "ಮಾರ್ಕೆಟ್ ಅಲುಗಾಡದಿದ್ದರೆ ಮಾತ್ರ ಥೀಟಾ ಗೆಲ್ಲುತ್ತೆ" ಅಂದಿದ್ದಾರೆ. ಅದು ಅರ್ಧ ನಿಜ. ಇಡೀ ದಿನ 80 ಪಾಯಿಂಟ್ ಮೇಲೆ, 80 ಕೆಳಗೆ ಕುಣಿದು ಹೋದ ದಿನಗಳನ್ನು ನೋಡಿದ್ದೀರಲ್ಲ? ಅಲುಗಾಟ ಜೋರಾಗಿಯೇ ಇರುತ್ತದೆ, ನಿಮ್ಮ 100ರ ಗೆರೆ ಮುಟ್ಟುವುದೇ ಇಲ್ಲ, ಒಂದು ಪೈಸೆ ಕೈಗೆ ಬರುವುದಿಲ್ಲ. ಹಾಗಂತ ಅಂತರವನ್ನು 25ಕ್ಕೆ ಇಳಿಸಿದರೆ ಸರಿಹೋಗುತ್ತಾ? ಒಂದು ಲಾಟ್‌ನ ಹೆಡ್ಜ್ ಮಾಡಲು ಆಗ 40 ಲಾಟ್ ಸ್ಟ್ರಾಡಲ್ ಬೇಕು. ಅದಿರಲಿ, ಖರ್ಚೂ ಇದೆ. 2024ರ ಅಕ್ಟೋಬರ್‌ನಲ್ಲಿ ಫ್ಯೂಚರ್ಸ್ ಮಾರಾಟದ ಎಸ್‌ಟಿಟಿ 0.02% ಆಯಿತು. ಆ ದರಕ್ಕೇ 25,000ದಲ್ಲಿ 5 ಪಾಯಿಂಟ್ ಹೋಗುತ್ತಿತ್ತು. ಬ್ರೋಕರೇಜ್, ಬಿಡ್-ಆಸ್ಕ್ ಸೇರಿ ಆ ದರದಲ್ಲಿ ಜೋಡಿಗೆ 8 ಅಂತಿಟ್ಟುಕೊಳ್ಳಿ. 100ರ ಜೋಡಿಯಲ್ಲಿ ಅದು ಗಮನಕ್ಕೂ ಬರಲ್ಲ, 25ರ ಜೋಡಿಯಲ್ಲಿ ಮೂರನೇ ಒಂದು ಭಾಗ ಅದೇ ನುಂಗುತ್ತದೆ.

ಒಂದೇ ಕಡೆ ನಿಧಾನವಾಗಿ ಏರುವ ಮಾರ್ಕೆಟ್ ಇನ್ನೂ ಕೆಟ್ಟದ್ದು. ಎಂಟು ದಿನದಲ್ಲಿ 400 ಏರಿತು ಅನ್ನಿ. ನಾಲ್ಕು ಸಲ ಮಾರುತ್ತೀರಿ, ಕೊಳ್ಳಲು ಅವಕಾಶವೇ ಸಿಗುವುದಿಲ್ಲ. ಗಾಮಾ ಕೊಡುವುದು ಸ್ಟ್ರಾಡಲ್‌ಗೆ 18 ಪಾಯಿಂಟ್, ಥೀಟಾ ತಿಂದದ್ದು 130.

ಇಲ್ಲಿ ನನ್ನದೇ ಒಂದು ಪೆಟ್ಟು ಹೇಳುತ್ತೇನೆ. ಇಂಥದ್ದೇ ಏರಿಕೆಯಲ್ಲಿ ಪ್ರತಿ 100ಕ್ಕೆ ಒಂದು ಲಾಟ್ ಸುಮ್ನೆ ಮಾರುತ್ತಾ ಹೋದೆ. 900 ಪಾಯಿಂಟ್ ಆಗುವಷ್ಟರಲ್ಲಿ 9 ಲಾಟ್ ಮಾರಿದ್ದೆ. ಸ್ಟ್ರೈಕ್‌ನಿಂದ ಅಷ್ಟು ದೂರ ಹೋದ ಮೇಲೆ ಗಾಮಾ ಬತ್ತಿರುತ್ತದೆ. 10 ಲಾಟ್ ಸ್ಟ್ರಾಡಲ್‌ನ ಡೆಲ್ಟಾ 7ರ ಹತ್ತಿರ ಇತ್ತು. ಅಂದರೆ ನನಗೇ ಗೊತ್ತಿಲ್ಲದೆ 2 ಲಾಟ್ ಶಾರ್ಟ್! ಮರುದಿನವೂ ಏರಿತು, ಬಿತ್ತು ಪೆಟ್ಟು. ಅಂದಿನಿಂದ ಗೆರೆ ಮುಟ್ಟಿದಾಗ ಲಾಟ್ ಎಣಿಸುವುದಿಲ್ಲ, ಡೆಲ್ಟಾ ನೋಡುತ್ತೇನೆ. ಎಕ್ಸ್‌ಪೈರಿಗೆ 5 ದಿನ ಇದ್ದಾಗ ಇದೇ ತಿರುಗಾಮುರುಗಾ: ಸ್ಟ್ರೈಕ್ ಹತ್ತಿರ 100 ಪಾಯಿಂಟ್‌ಗೆ ಎರಡಕ್ಕೂ ಹೆಚ್ಚು ಲಾಟ್ ಬೇಕಾಗುತ್ತದೆ.

ಧಾರವಾಡದ ಅಕ್ಕ, ನೀವು ಕೇಳಿದ್ದು ಸ್ಟ್ರಾಡಲ್ ಮಾರಿದ ಬಗ್ಗೆ. ಇಲ್ಲಿ ಕೊಂಡವರ ಕತೆ ನಡೆಯುತ್ತಿದೆ. ನಿಮ್ಮ ಕಡೆ ಥೀಟಾ ಕೊಡುತ್ತೆ, ಪ್ರತಿ ಹೆಡ್ಜ್ ನಷ್ಟ ತರುತ್ತೆ. ಬೇರೆ ಪೋಸ್ಟ್ ಹಾಕಿ.

ಗೆರೆಗೆ ಕಾಯಬೇಕೋ, ದಿನಾ ಮೂರೂಕಾಲಿಗೆ ಡೆಲ್ಟಾ ಸೊನ್ನೆ ಮಾಡಬೇಕೋ ಅನ್ನುವುದರಲ್ಲಿ ನನಗೂ ನನ್ನ ಸ್ನೇಹಿತನಿಗೂ ಇವತ್ತಿಗೂ ಜಗಳ. ರಾತ್ರಿ ಗ್ಯಾಪ್ ಬಂದರೆ ಕೊಂಡವನಿಗೆ ಹಬ್ಬ ಅಂತ ನಾನು ಬಿಡುತ್ತೇನೆ. ಅವನು ನಿದ್ದೆ ಮುಖ್ಯ ಅನ್ನುತ್ತಾನೆ.

ಸರ್, ಐವಿ ಈಗ ಎಷ್ಟಿದೆ ಅಂತ ಬರೆದಿಲ್ಲ. 12ರಿಂದ 11ಕ್ಕೆ ಇಳಿದಿದ್ದರೆ ಸ್ಟ್ರಾಡಲ್‌ಗೆ ಇನ್ನೂ 45-50 ಪಾಯಿಂಟ್ ಅಲ್ಲೇ ಹೋಗಿರುತ್ತದೆ, ನಷ್ಟ ನಾನು ಹೇಳಿದ 600ಕ್ಕಿಂತ ಜಾಸ್ತಿ ಕಾಣುತ್ತದೆ. ಇವತ್ತಿನ ಸ್ಟ್ರಾಡಲ್ ಬೆಲೆ ಮತ್ತು 7 ಜೋಡಿಯ ಬೆಲೆಗಳನ್ನು ಹಾಕಿ, ಉಳಿದದ್ದು ಎಲ್ಲಿ ಹೋಯಿತು ಅಂತ ನೋಡೋಣ.