ಗಾಣದ ಮೋಟಾರಿನ ಟಾರ್ಕ್ ಲೆಕ್ಕ

«ಮಂಡ್ಯದ ಆಲೆಮನೆ ಗಾಣಕ್ಕೆ 5 ಎಚ್‌ಪಿ, 1440 ಆರ್‌ಪಿಎಂ ಮೋಟಾರ್. ಟಾರ್ಕ್ ಬರೀ 0.41 ನ್ಯೂಟನ್ ಮೀಟರ್ ಬರ್ತಿದೆ. ಎಲ್ಲಿ ತಪ್ಪಿದೆ?»

ನೀವು 1440ನ್ನು 2π ಇಂದ ಗುಣಿಸಿ 9048 ತಗೊಂಡಿದ್ದೀರಿ. 60ರಿಂದ ಭಾಗಿಸೋದು ಬಿಟ್ಟುಹೋಗಿದೆ. ಅದು ನಿಮಿಷಕ್ಕೆ ಎಷ್ಟು ರೇಡಿಯನ್ ಅನ್ನೋ ಲೆಕ್ಕ, ಸೆಕೆಂಡಿಗಲ್ಲ.

ಮೊದಲು ನಿಮಿಷದ ಲೆಕ್ಕವನ್ನು ಸೆಕೆಂಡಿಗೆ ತನ್ನಿ. 1440 ಭಾಗಿಸು 60, ಸೆಕೆಂಡಿಗೆ 24 ಸುತ್ತು. ಒಂದು ಸುತ್ತಿಗೆ 2π ರೇಡಿಯನ್, ಹಾಗಾಗಿ ಸೆಕೆಂಡಿಗೆ 150.8 ರೇಡಿಯನ್. 5 ಎಚ್‌ಪಿ ಅಂದರೆ ಸುಮಾರು 3700 ವ್ಯಾಟ್. ಅದನ್ನು 150.8ರಿಂದ ಭಾಗಿಸಿದರೆ 24.5 ನ್ಯೂಟನ್ ಮೀಟರ್.

ಡಿಗ್ರಿ ಬೇಕಿದ್ದರೆ 24 ಸುತ್ತನ್ನು 360ರಿಂದ ಗುಣಿಸಿ, ಸೆಕೆಂಡಿಗೆ 8640 ಡಿಗ್ರಿ. ಇಲ್ಲೇ ಜಾಸ್ತಿ ಜನ ಮೋಸಹೋಗೋದು. ತಪ್ಪಿನ 9048 ಇದಕ್ಕೆ ಹತ್ತಿರವಿದೆ, ಸರಿ ಇದೆ ಅನ್ನಿಸಿಬಿಡುತ್ತದೆ. ಆದರೆ ಟಾರ್ಕ್ ಸೂತ್ರಕ್ಕೆ ಡಿಗ್ರಿ ಹಾಕೋ ಹಾಗಿಲ್ಲ, ರೇಡಿಯನ್ನೇ ಬೇಕು.

ರೇಡಿಯನ್ ಲೆಕ್ಕ ಯಾವಾಗಲೂ ಆರ್‌ಪಿಎಂನ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ. ಡಿಗ್ರಿ ಲೆಕ್ಕ ಆರ್‌ಪಿಎಂನ ಆರು ಪಟ್ಟು.

ಇನ್ನೊಂದು ಪರೀಕ್ಷೆ: 10 ಸೆಂಟಿಮೀಟರ್ ತ್ರಿಜ್ಯದ ಪುಲ್ಲಿಯ ಅಂಚಲ್ಲಿ 0.41 ಅಂದರೆ 400 ಗ್ರಾಂ ತೂಕದಷ್ಟೇ ಎಳೆತ. ಅಷ್ಟರಲ್ಲಿ ಕಬ್ಬು ಅರೆಯೋಕಾಗಲ್ಲ, ಅಲ್ವಾ? 24.5 ಆದರೆ 25 ಕೆಜಿಯಷ್ಟು.